ಸಹನಾಳ ಉತ್ತರ ಪತ್ರಿಕೆಯ ಜೊತೆಗೆ: ಚಿಹ್ನೆಗಳ ಬಗ್ಗೆ

ಸಹನಾ,

ಬೆಳಕಿನ ಪಾಠದ ಕಿರುಪರೀಕ್ಷೆಯಲ್ಲಿ ನಿನಗೆ ಬಂದ ಅಂಕ ನೋಡಿ ಬೇಸರಪಟ್ಟುಕೊಂಡಿರುತ್ತೀಯ. ಪತ್ರಿಕೆಯನ್ನು ಸಾಲು ಸಾಲಾಗಿ ಓದಿದ್ದೇನೆ. ಸೂತ್ರ ನಿನಗೆ ಗೊತ್ತಿದೆ, ಭಿನ್ನರಾಶಿಗಳನ್ನು ಕೂಡುವುದರಲ್ಲಿ ಎಲ್ಲಿಯೂ ತಪ್ಪಿಲ್ಲ. ಕೈಕೊಟ್ಟದ್ದು ಚಿಹ್ನೆ ಮಾತ್ರ. ಅದೂ ಪ್ರತಿ ಬಾರಿ ಒಂದೇ ರೀತಿಯಲ್ಲಿ. ಆದ್ದರಿಂದ ಇದನ್ನು ಸರಿಪಡಿಸುವುದು ನೀನು ಅಂದುಕೊಂಡಷ್ಟು ಕಷ್ಟವಲ್ಲ.

ಎರಡನೇ ಪ್ರಶ್ನೆಯನ್ನು ತೆಗೆದುಕೋ. ನಿಮ್ನ ದರ್ಪಣ, ಸಂಗಮ ದೂರ 15 ಸೆಂ.ಮೀ., ವಸ್ತು 10 ಸೆಂ.ಮೀ. ದೂರದಲ್ಲಿದೆ. ನೀನು ಬರೆದದ್ದು ಹೀಗೆ:

```
u = -10,  f = +15
1/v = 1/f - 1/u = 1/15 + 1/10 = 1/6
v = +6
```

ವಸ್ತು ದೂರಕ್ಕೆ ಋಣ ಚಿಹ್ನೆ ಹಾಕಿದ ಕ್ಷಣವೇ ನೀನು ಕಾರ್ಟೀಸಿಯನ್ ನಿಯಮವನ್ನು ಒಪ್ಪಿಕೊಂಡಂತಾಯಿತು. ಅದರಲ್ಲಿ ಎಲ್ಲ ದೂರಗಳನ್ನೂ ದರ್ಪಣದ ಧ್ರುವದಿಂದ ಅಳೆಯಬೇಕು. ಬೆಳಕು ಬಂದು ಬೀಳುವ ದಿಕ್ಕಿನಲ್ಲಿ ಅಳೆದರೆ ಧನ, ಅದಕ್ಕೆ ಎದುರಾಗಿ ಅಳೆದರೆ ಋಣ. ನಿಮ್ನ ದರ್ಪಣದ ಸಂಗಮ ಬಿಂದು ಇರುವುದು ದರ್ಪಣದ ಮುಂದೆ, ವಸ್ತು ಇರುವ ಕಡೆಯಲ್ಲೇ. ಒಂದೇ ಕಡೆ ಇರುವ ಎರಡರಲ್ಲಿ ಒಂದಕ್ಕೆ ಋಣ, ಇನ್ನೊಂದಕ್ಕೆ ಧನ ಹೇಗೆ ಬರುತ್ತದೆ? f = +15 ಎಂದು ಬರೆದಾಗ ಸಂಗಮ ಬಿಂದುವನ್ನು ದರ್ಪಣದ ಹಿಂದಕ್ಕೆ ಕಳಿಸಿಬಿಟ್ಟೆ. ಅದು ಪೀನ ದರ್ಪಣ. ಅದೇ ಅಳತೆಯ ಪೀನ ದರ್ಪಣಕ್ಕೆ +6 ನಿಜವಾಗಿಯೂ ಸರಿಯಾದ ಉತ್ತರ! ಯಾರೂ ಕೇಳದ ಪ್ರಶ್ನೆಗೆ ತಪ್ಪಿಲ್ಲದೆ ಉತ್ತರ ಬರೆದಿದ್ದೀಯ.

ಸರಿಯಾದದ್ದು ಇದು:

```
u = -10,  f = -15
1/v = -1/15 + 1/10 = 1/30
v = +30
m = -v/u = +3
```

ಪ್ರತಿಬಿಂಬ ದರ್ಪಣದ ಹಿಂದೆ 30 ಸೆಂ.ಮೀ. ದೂರದಲ್ಲಿದೆ, ಮಿಥ್ಯ, ನೇರ, ಮೂರು ಪಟ್ಟು ದೊಡ್ಡದು. ನಿನ್ನ ಲೆಕ್ಕದಲ್ಲಿ ವರ್ಧನೆ 0.6 ಬಂದಾಗಲೇ ಅನುಮಾನ ಬರಬೇಕಿತ್ತು. ಹಲ್ಲಿನ ವೈದ್ಯರು ನಿಮ್ನ ದರ್ಪಣವನ್ನು ಹಲ್ಲಿನ ಹತ್ತಿರ ಹಿಡಿಯುವುದೇ ಹಲ್ಲು ದೊಡ್ಡದಾಗಿ ಕಾಣಲಿ ಎಂದು.

ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಅಳಿಸಲು ನೋಡಿದ ಲೆಕ್ಕವನ್ನೂ ಕಂಡೆ. ಅದೇ ನನಗೆ ಹೆಚ್ಚು ಮುಖ್ಯ. ಅಲ್ಲಿ u = 10, f = 15 ಎಂದು ಎರಡನ್ನೂ ಧನವಾಗಿಯೇ ಇಟ್ಟು v = -30 ಪಡೆದಿದ್ದೀಯ. ಈ ಕ್ರಮವೂ ಇದೆ. ಹಳೆಯ ಗೈಡುಗಳಲ್ಲಿ ಸಿಗುತ್ತದೆ. ಅದರಲ್ಲಿ ಸತ್ಯವಾದದ್ದೆಲ್ಲ ಧನ, ಮಿಥ್ಯವಾದದ್ದೆಲ್ಲ ಋಣ. ಹಾಗಾಗಿ ಆ -30ರ ಅರ್ಥ ಮಿಥ್ಯ ಪ್ರತಿಬಿಂಬ, ದರ್ಪಣದ ಹಿಂದೆ 30 ಸೆಂ.ಮೀ. ಮೇಲಿನ ಉತ್ತರವೇ! ನೀನು ಮಾತ್ರ ಲೆಕ್ಕವನ್ನು ಒಂದು ನಿಯಮದಲ್ಲಿ ಮಾಡಿ, ಉತ್ತರವನ್ನು ಇನ್ನೊಂದು ನಿಯಮದಲ್ಲಿ ಓದಿದೆ: ‘ಋಣ ಬಂದಿದೆ, ಆದ್ದರಿಂದ ದರ್ಪಣದ ಮುಂದೆ, ಸತ್ಯ ಪ್ರತಿಬಿಂಬ.’ ಸರಿಯಾದ ಸಂಖ್ಯೆ ಕೈಯಲ್ಲಿದ್ದೂ ಅಂಕ ಹೋಯಿತು. ಎರಡು ನಿಯಮಗಳಲ್ಲಿ ಯಾವುದೂ ಸುಳ್ಳಲ್ಲ. ಒಂದನ್ನು ಹಿಡಿದರೆ ಕೊನೆಯ ಸಾಲಿನವರೆಗೂ ಅದನ್ನೇ ಹಿಡಿಯಬೇಕು. ನಿನ್ನ ಪಠ್ಯಪುಸ್ತಕ ಕಾರ್ಟೀಸಿಯನ್ ನಿಯಮವನ್ನು ಹಿಡಿದಿದೆ, ನೀನೂ ಅದನ್ನೇ ಹಿಡಿ. ಗೈಡನ್ನು ಪರೀಕ್ಷೆ ಮುಗಿಯುವವರೆಗೆ ತೆರೆಯಬೇಡ.

ಮಸೂರದ ಪ್ರಶ್ನೆಯಲ್ಲೂ ಇದೇ ಬೆರಕೆ ಆಗಿದೆ. ಪೀನ ಮಸೂರ, f = +20, u = -30. ಎರಡೂ ಚಿಹ್ನೆ ಸರಿ. ಆದರೆ ಸೂತ್ರವನ್ನು 1/v + 1/u = 1/f ಎಂದು ಬರೆದೆ. ಮಸೂರಕ್ಕೆ ಅದು ಆ ಗೈಡಿನ ನಿಯಮದ ಸೂತ್ರ; ನಮ್ಮದು 1/v - 1/u = 1/f. ಹಾಗಾಗಿ 60 ಬರಬೇಕಾದಲ್ಲಿ 12 ಬಂತು. ಮುಂದಿಟ್ಟ ವಸ್ತುವಿನ ಸತ್ಯ ಪ್ರತಿಬಿಂಬ ಪೀನ ಮಸೂರದ ಸಂಗಮ ದೂರಕ್ಕಿಂತ ಹತ್ತಿರ ಎಂದೂ ಮೂಡುವುದಿಲ್ಲ. 20 ಮತ್ತು 12ನ್ನು ಅಕ್ಕಪಕ್ಕ ಇಟ್ಟು ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

‘ಯಾವ ದರ್ಪಣಕ್ಕೆ ಯಾವ ಚಿಹ್ನೆ’ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಬೇಡ. ಗಾಬರಿಯಲ್ಲಿ ಮೊದಲು ಮರೆತುಹೋಗುವುದೇ ಅದು. ಲೆಕ್ಕಕ್ಕೆ ಕೈಹಾಕುವ ಮುನ್ನ ಒರಟಾದ ಚಿತ್ರವೊಂದನ್ನು ಬರೆ: ವಸ್ತು ಎಡಕ್ಕೆ, ಬೆಳಕಿನ ಬಾಣ ಬಲಕ್ಕೆ, ಸಂಗಮ ಬಿಂದು ಎಲ್ಲಿದೆಯೋ ಅಲ್ಲಿ ಒಂದು ಚುಕ್ಕೆ. ಚಿಹ್ನೆಯನ್ನು ಆ ಚಿತ್ರದಿಂದಲೇ ಓದಿಕೋ. ಗೊತ್ತಿಲ್ಲದ v ಮುಂದೆ ನೀನಾಗಿ ಚಿಹ್ನೆ ಹಾಕಬೇಡ. ಲೆಕ್ಕವೇ ಅದನ್ನು ಹೇಳುತ್ತದೆ.

ಗುರುವಾರಕ್ಕೆ ಒಂದೇ ಲೆಕ್ಕ ಸಾಕು. ನಿಮ್ನ ಮಸೂರದ ಸಂಗಮ ದೂರ 15 ಸೆಂ.ಮೀ. ಪ್ರತಿಬಿಂಬ ಮಸೂರದಿಂದ 10 ಸೆಂ.ಮೀ. ದೂರದಲ್ಲಿ ಮೂಡಿದೆ. ವಸ್ತು ಎಲ್ಲಿದೆ? ಇಲ್ಲಿ v ಗೊತ್ತಿದೆ, ಆದ್ದರಿಂದ ಅದರ ಚಿಹ್ನೆಯನ್ನು ನೀನೇ ಚಿತ್ರ ನೋಡಿ ನಿರ್ಧರಿಸಬೇಕು. u ಧನವಾಗಿ ಬಂದರೆ ಚಿತ್ರಕ್ಕೆ ಹಿಂತಿರುಗು. ಚಿತ್ರವಿರುವ ಹಾಳೆಯನ್ನೇ ತೆಗೆದುಕೊಂಡು ಬಾ, ನಕಲು ತೆಗೆದು ಚೆಂದ ಮಾಡುವುದು ಬೇಡ.