ಪ್ರಶಸ್ತಿ ಬಂದಿದೆ: ಊರಿನವರಿಗೆ ಶಾಲೆ ಮಿಸ್ಸು ಬರೆದ ಕಾಗದ

ಊರಿನ ಎಲ್ಲರಿಗೂ, ಹಾಡಿಯವರಿಗೂ, ನಮ್ಮ ಶಾಲೆಯಲ್ಲಿ ಓದಿ ಈಗ ಕೋಟೆ, ಹುಣಸೂರು, ಮೈಸೂರು ಅಂತ ಹೋಗಿರುವ ಮಕ್ಕಳಿಗೂ ನಮಸ್ಕಾರ.

ಒಂದು ಸಂತೋಷದ ಸುದ್ದಿ ಇದೆ. ಈ ವರ್ಷದ ಜಿಲ್ಲಾ ಮಟ್ಟದ ಉತ್ತಮ ಶಿಕ್ಷಕ ಪ್ರಶಸ್ತಿಗೆ, ಕಿರಿಯ ಪ್ರಾಥಮಿಕ ಶಾಲೆಗಳ ವಿಭಾಗದಲ್ಲಿ ನನ್ನ ಹೆಸರು ಬಂದಿದೆ. ನಿನ್ನೆ ಸಂಜೆ ಪಟ್ಟಿ ನೋಡಿದೆ. ಸೆಪ್ಟೆಂಬರ್ 5ಕ್ಕೆ ಮೈಸೂರಿನಲ್ಲಿ ಶಿಕ್ಷಕರ ದಿನಾಚರಣೆ ಕಾರ್ಯಕ್ರಮದಲ್ಲಿ ಕೊಡುತ್ತಾರೆ. ನನಗೆ ತುಂಬಾ ಖುಷಿಯಾಗಿದೆ. ಪಟ್ಟಿಯಲ್ಲಿ ಹೆಸರನ್ನು ಮೂರು ಸಲ ಓದಿದೆ, ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ.

ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡೋಣ ಅಂತ ಈ ಕಾಗದ. ಇನ್ನೂ ಒಂದು ಕಾರಣ ಇದೆ. ಪ್ರಶಸ್ತಿ ಪತ್ರದಲ್ಲಿ ಒಂದೇ ಹೆಸರು ಇರುತ್ತದೆ. ಆ ಕೆಲಸದಲ್ಲಿ ಯಾರ ಪಾಲು ಎಷ್ಟು ಅಂತ ನಿಮಗೆ ಗೊತ್ತಿರಬೇಕು.

ಮೊದಲು ಒಂದು ಮಾತು. ಈ ಪ್ರಶಸ್ತಿ ತಾನಾಗಿ ಹುಡುಕಿಕೊಂಡು ಬಂದಿದ್ದಲ್ಲ. ಅರ್ಜಿ ಹಾಕಿದ್ದು ನಾನೇ. ಫೋಟೋ, ಹಾಜರಾತಿ ಲೆಕ್ಕ, ಮಕ್ಕಳ ಕೈಬರಹ, ತರಬೇತಿ ಪತ್ರ ಎಲ್ಲಾ ಸೇರಿಸಿ ಫೈಲ್ ಮಾಡಿ ಕೊಟ್ಟಿದ್ದೆ. ಹೋದ ವರ್ಷವೂ ಕೊಟ್ಟಿದ್ದೆ, ಬರಲಿಲ್ಲ. ಎರಡು ದಿನ ಬೇಜಾರಾಗಿತ್ತು. ನಮ್ಮ ಸುತ್ತಮುತ್ತಲೇ ನನಗಿಂತ ಚೆನ್ನಾಗಿ ಪಾಠ ಮಾಡುವವರು ಇದ್ದಾರೆ. ಫೈಲ್ ಹಿಡಿದು ಓಡಾಡೋಕೆ ಅವರಿಗೆ ಮನಸ್ಸಿಲ್ಲ, ಪುರುಸೊತ್ತೂ ಇಲ್ಲ. ನನಗೆ ಆಸೆ ಇತ್ತು, ಹಾಕಿದೆ, ಈ ಸಲ ಬಂತು. ಇದ್ದದ್ದು ಇಷ್ಟೇ.

ಈಗ ಪಾಲಿನ ಲೆಕ್ಕ.

ಫೈಲಿನಲ್ಲಿ ಪರಿಶೀಲನೆಗೆ ಬಂದವರು ಮೆಚ್ಚಿದ್ದು ಒಂದು ಹಳೇ ನೋಟ್‌ಬುಕ್ಕು. ನೂರು ಪುಟದ್ದು, ರಟ್ಟು ಕಿತ್ತುಹೋಗಿದೆ, ಮೂಲೆಯಲ್ಲಿ ಅರಿಶಿನದ ಬೆರಳಿನ ಗುರುತು. ಒಂದು ಕಡೆ ಕನ್ನಡ ಪದ, ಇನ್ನೊಂದು ಕಡೆ ಅದಕ್ಕೆ ಹಾಡಿಯ ಜೇನುಕುರುಬರ ಮನೆಮಾತಿನ ಪದ, ಕನ್ನಡ ಅಕ್ಷರದಲ್ಲಿ. 'ಶಿಕ್ಷಕಿಯ ಹೊಸ ಪ್ರಯೋಗ' ಅಂತ ವರದಿಯಲ್ಲಿ ಬರೆದುಕೊಂಡರು. ಆ ಅರಿಶಿನ ನನ್ನ ಕೈಯದಲ್ಲ. ಅದು ನಮ್ಮ ಅಡುಗೆ ಅಕ್ಕನದು.

ನಡೆದದ್ದು ಹೀಗೆ. ಆ ವರ್ಷ ಒಂದನೇ ಕ್ಲಾಸಿಗೆ ಹಾಡಿಯಿಂದ ಒಬ್ಬ ಹುಡುಗ ಬಂದ. ಜೂನ್ ಆಯ್ತು, ಜುಲೈ ಆಯ್ತು, ಬಾಯೇ ಬಿಡಲಿಲ್ಲ. ಕಾರ್ಡು ಕೊಟ್ಟರೆ ತೊಡೆ ಮೇಲೆ ಇಟ್ಟುಕೊಂಡು ಕೂರುತ್ತಿದ್ದ. 'ಕಿವಿ ಸರಿಯಿಲ್ವೇನೋ' ಅಂತ ನಾನೇ ರಿಜಿಸ್ಟರ್‌ನಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೆ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳುತ್ತೇನೆ, ಅಡುಗೆ ಮನೆ ಬಾಗಿಲಲ್ಲಿ ಅಕ್ಕನ ಜೊತೆ ಇವನು ಗಳಗಳ ಅಂತ ಮಾತಾಡುತ್ತಿದ್ದಾನೆ! ಸಾರಿಗೆ ಉಪ್ಪು ಕಮ್ಮಿ ಅಂತ ದೂರು ಹೇಳುತ್ತಿದ್ದನಂತೆ. ಅವನ ಕಿವಿಗೆ ಏನೂ ಆಗಿರಲಿಲ್ಲ. ನನ್ನ ಮಾತು ಅವನಿಗೆ ತಿಳಿಯುತ್ತಿರಲಿಲ್ಲ, ಅವನ ಮಾತು ನನಗೆ ತಿಳಿಯುತ್ತಿರಲಿಲ್ಲ, ಅಷ್ಟೇ. ಪೆನ್ಸಿಲ್ ಗುರುತನ್ನು ಅವತ್ತೇ ಅಳಿಸಿದೆ. ನಾಚಿಕೆ ಆಯ್ತು.

ಮಾರನೇ ದಿನದಿಂದ ಪಾತ್ರೆ ತೊಳೆದ ಮೇಲೆ ಅಕ್ಕ ಹತ್ತು ನಿಮಿಷ ಕೂರುತ್ತಿದ್ದರು. ನಾನು ಕೇಳುವುದು, ಅವರು ಹೇಳುವುದು, ನಾನು ಬರೆಯುವುದು. ತಪ್ಪು ಬರೆದರೆ ಓದಿಸಿ ನಗುತ್ತಿದ್ದರು. ನಾಲ್ಕನೇ ಕ್ಲಾಸಿನವರೆಗೆ ಓದಿದ ಹೆಂಗಸು. ನೋಟ್‌ಬುಕ್ಕಿನ ಕೈಬರಹ ನನ್ನದು, ಒಳಗಿರುವುದೆಲ್ಲಾ ಅವರದು.

ಅವನನ್ನು ಓದಿಸಿದ್ದೂ ಪೂರ್ತಿ ನಾನಲ್ಲ. ನಲಿ-ಕಲಿ ತರಗತಿಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೆ ಕೂರುತ್ತಾರಲ್ಲ. ಅದರಲ್ಲಿ ಮಕ್ಕಳು ಗುಂಪುಗುಂಪಾಗಿ ಕೂರುತ್ತಾರೆ, ಗುಂಪಿಗೆ ತಟ್ಟೆ ಅಂತಾರೆ. ಸಹಪಾಠಿಗಳೇ ಕಲಿಸುವ ತಟ್ಟೆ ಅಂತ ಒಂದಿದೆ. ಹಾಡಿಯದೇ ಒಬ್ಬ ಮೂರನೇ ಕ್ಲಾಸಿನ ಹುಡುಗಿ ಅವನ ಪಕ್ಕ ಕೂತಳು. ರ, ಗ, ಸ, ದ, ಅ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದೇ ಹೀಗೆ. ಅವಳು ಅವನ ಬೆರಳು ಹಿಡಿದು ಮರಳಲ್ಲಿ ತಿದ್ದಿಸಿದಳು. ದಸರಾ ರಜೆಗೆ ಮೂರು ದಿನ ಇರುವಾಗ ಕಾರ್ಡ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದು ಜೋರಾಗಿ 'ಗರಗಸ' ಅಂದ. ಓದಿ, ಓಡಿಹೋದ. ಎಲ್ಲಿಗೆ ಅಂದುಕೊಂಡಿರಿ? ಅಡುಗೆ ಮನೆಗೆ. ನನಗೆ ಓದಿ ತೋರಿಸಿದ್ದು ಲೆಕ್ಕಕ್ಕೆ, ಅವನಿಗೆ ಬೇಕಾಗಿದ್ದು ಅಕ್ಕ ಕೇಳಬೇಕು ಅಂತ. ಈಗ ಅವನು ಕೋಟೆಯಲ್ಲಿ ಹೈಸ್ಕೂಲು. ಹೆಸರು ಬರೆಯುವುದಿಲ್ಲ, ನಾಚಿಕೊಳ್ಳುತ್ತಾನೆ.

ನಲಿ-ಕಲಿ ಹುಟ್ಟಿದ್ದೇ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅಂತ ಎಷ್ಟು ಜನಕ್ಕೆ ಗೊತ್ತೋ. 1995ರಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯ್ತು. ಇಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಪದ್ಧತಿ ನೋಡಿಕೊಂಡು ಬಂದು, ಕಾರ್ಡುಗಳನ್ನು ಕೂತು ಬರೆದರು. ಕಾರ್ಡುಗಳ ಹಿಂದೆ ಅವರ ಹೆಸರಿಲ್ಲ. 2009ರ ಹೊತ್ತಿಗೆ ಅದು ರಾಜ್ಯದ ತುಂಬಾ ಹಬ್ಬಿತು. ನಾನು ಇಲ್ಲಿಗೆ ಬಂದಿದ್ದು 2008ರಲ್ಲಿ. ನಿಜ ಹೇಳಬೇಕೆಂದರೆ ಮೊದಲ ವರ್ಷ ನನಗೆ ಇದು ಹಿಡಿಸಿರಲಿಲ್ಲ. ಬೋರ್ಡ್ ಮೇಲೆ ಬರೆದು, ಎಲ್ಲರಿಂದ ಒಟ್ಟಿಗೆ ಹೇಳಿಸಿದರೆ ಮಾತ್ರ ಪಾಠ ಅಂದುಕೊಂಡಿದ್ದವಳು ನಾನು. 'ನೆಲದ ಮೇಲೆ ಕೂತು ಕಾರ್ಡ್ ಆಡಿಸುವುದಕ್ಕೆ ಟಿಸಿಎಚ್ ಯಾಕೆ ಮಾಡಬೇಕಿತ್ತು' ಅಂತ ಕೇಳಿದ್ದೂ ಉಂಟು. ಆಗ ನನ್ನನ್ನು ಬೈಯದೆ, ತಾವೇ ಮಕ್ಕಳ ಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತು ತೋರಿಸಿದವರು ನಮ್ಮ ಹಿಂದಿನ ಹೆಡ್‌ಮೇಷ್ಟ್ರು. ಮಂಡಿನೋವು ಇತ್ತು ಅವರಿಗೆ. ಎದ್ದೇಳುವಾಗ ಮಕ್ಕಳ ಭುಜ ಹಿಡಿಯುತ್ತಿದ್ದರು. ಈಗ ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ. ಸೆಪ್ಟೆಂಬರ್ 5ಕ್ಕೆ ಬೆಳಿಗ್ಗೆ ಮೊದಲು ಅವರ ಮನೆಗೆ ಹೋಗಿ ನಮಸ್ಕಾರ ಮಾಡಿ ಆಮೇಲೆ ಕಾರ್ಯಕ್ರಮಕ್ಕೆ ಹೋಗುತ್ತೇನೆ.

ಈಗಿನ ಹೆಡ್‌ಮೇಷ್ಟ್ರಿಗೂ ಥ್ಯಾಂಕ್ಸ್ ಹೇಳಬೇಕು. ಇಬ್ಬರೇ ಇರುವ ಶಾಲೆ. ಫೈಲ್ ಮಾಡಲು ನಾನು ಓಡಾಡಿದ ದಿನಗಳಲ್ಲಿ ಐದೂ ಕ್ಲಾಸು ಅವರೊಬ್ಬರೇ ನೋಡಿಕೊಂಡರು. ಎಸ್‌ಡಿಎಂಸಿಯವರಿಗೂ, 2020ರಲ್ಲಿ ಶಾಲೆ ಮುಚ್ಚಿದ್ದಾಗ ವಿದ್ಯಾಗಮಕ್ಕೆ ಅಂತ ಜಗಲಿ, ಮರದಡಿ, ಮಾರಮ್ಮನ ಗುಡಿ ಮುಂದಿನ ಜಾಗ ಬಿಟ್ಟುಕೊಟ್ಟವರಿಗೂ ಋಣಿ. ನಮ್ಮ ಯಜಮಾನರಿಗೆ ಬೇರೆಯಾಗಿ ಹೇಳುತ್ತೇನೆ, ಇಲ್ಲಿ ಬೇಡ.

ಫೈಲಿನಲ್ಲಿ ಹಾಕದೇ ಇದ್ದ ಒಂದು ವಿಷಯವನ್ನೂ ಹೇಳಬೇಕು. ಡಿಸೆಂಬರ್ ಬಂತೆಂದರೆ ಕೊಡಗಿನ ಕಾಫಿ ತೋಟಗಳಿಗೆ ಜನ ಹೋಗುತ್ತಾರೆ. ಅಪ್ಪ ಅಮ್ಮನ ಜೊತೆ ಮಕ್ಕಳೂ ಹೋಗುತ್ತವೆ. ನಾನು ಮನೆಮನೆಗೆ ಹೋಗಿ ಅಜ್ಜಿಯರ ಹತ್ತಿರ ಬಿಟ್ಟು ಹೋಗಿ ಅಂತ ಕೇಳಿಕೊಂಡಿದ್ದೇನೆ, ಕೆಲವರು ಬಿಟ್ಟಿದ್ದಾರೆ. ಆದರೂ ಪ್ರತಿ ವರ್ಷ ಹಾಜರಿ ಪುಸ್ತಕದಲ್ಲಿ ಅಷ್ಟುದ್ದ ಖಾಲಿ ಬೀಳುತ್ತದೆ. ಮೇಲೆ ಹೇಳಿದೆನಲ್ಲ, ಬೆರಳು ಹಿಡಿದು ತಿದ್ದಿಸಿದ ಹುಡುಗಿ, ಅವಳು ಐದನೇ ಕ್ಲಾಸಿನ ಮಧ್ಯದಲ್ಲಿ ಹಾಗೆ ಹೋದವಳು ವಾಪಸ್ ಬರಲಿಲ್ಲ. ಎರಡು ಸಲ ಹುಡುಕಿಸಿದೆ. ಇನ್ನೂ ಒಂದು ಸಲ ಹೋಗಬೇಕಿತ್ತು, ಹೋಗಲಿಲ್ಲ. ಅವಳ ಸುದ್ದಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ನನಗೆ ಹೇಳಿ. ಓದು ಮುಂದುವರಿಸಲು ಈಗಲೂ ದಾರಿಗಳಿವೆ.

ಇನ್ನು ಕೆಲವು ಸಣ್ಣಪುಟ್ಟ ವಿಚಾರ.

ಬಸ್‌ಸ್ಟಾಂಡಿನಲ್ಲಿ ಫ್ಲೆಕ್ಸ್ ಹಾಕಿಸೋಣ ಅಂತ ಹುಡುಗರು ಫೋಟೋ ಕೇಳಿದ್ದಾರೆ. ಪ್ರೀತಿ ಗೊತ್ತು, ಆದರೆ ಬೇಡ. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿ ಕೆಟ್ಟು ಹದಿನೈದು ದಿನವಾಗಿದೆ. ಆ ದುಡ್ಡಲ್ಲಿ ಅದನ್ನು ಮಾಡಿಸಿ. ಪ್ಲಂಬರ್ ಬಂದ ದಿನ ನಾನೇ ಟೀ ಕೊಡಿಸುತ್ತೇನೆ.

ಪ್ರಶಸ್ತಿ ಹಣವನ್ನು ಶಾಲೆಗೆ ಕೊಡ್ತೀರಾ ಅಂತ ಒಬ್ಬರು ಕೇಳಿದರು. ಇಲ್ಲ. ನಾನಿರುವ ಮನೆಯ ಅಡುಗೆ ಕೋಣೆ ಸೂರು ಎರಡು ಮಳೆಗಾಲದಿಂದ ಸೋರುತ್ತಿದೆ, ಅದಕ್ಕೆ ಹೋಗುತ್ತದೆ.

ಕಾರ್ಯಕ್ರಮಕ್ಕೆ ಬಸ್ ಮಾಡಿಕೊಂಡು ಬರುವುದೂ ಬೇಡ. ಕೂಲಿ ಬಿಟ್ಟು ಬಂದು ಭಾಷಣ ಕೇಳಿಸಿಕೊಳ್ಳುವ ಕಷ್ಟ ಯಾಕೆ? ನನ್ನ ಜೊತೆ ಅಡುಗೆ ಅಕ್ಕ ಬರುತ್ತಾರೆ. ಮೊದಲು ಒಲ್ಲೆ ಅಂದರು, 'ನಿಮ್ಮ ನೋಟ್‌ಬುಕ್ಕಿಗೆ ತಾನೇ ಪ್ರಶಸ್ತಿ ಬಂದಿರೋದು, ನಾನೊಬ್ಬಳೇ ಹೋದರೆ ಚೆನ್ನಾಗಿರುತ್ತಾ' ಅಂದ ಮೇಲೆ ಒಪ್ಪಿದರು. ಅವತ್ತಿನ ಅಡುಗೆಗೆ ಅವರ ಮಗಳು ಬರುತ್ತಾಳೆ. ಉಪ್ಪು ನೋಡಿಕೊಂಡು ಹಾಕಲು ಹೇಳಿದ್ದೇವೆ.

ಶಿಕ್ಷಕರ ದಿನ ಅಂದ ಕೂಡಲೇ ರಾಧಾಕೃಷ್ಣನ್ ಅವರ ಕಥೆ ಹೇಳುತ್ತಾರಲ್ಲ. 1921ರಲ್ಲಿ ಅವರು ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಅವರ ಸಾರೋಟನ್ನು ತಾವೇ ಎಳೆದುಕೊಂಡು ಮೈಸೂರು ರೈಲ್ವೆ ಸ್ಟೇಷನ್‌ವರೆಗೆ ಹೋದರಂತೆ. ನನಗೆ ಅಷ್ಟೆಲ್ಲಾ ಇಲ್ಲ. ಆದರೆ ಹೋದ ಮಳೆಗಾಲದಲ್ಲಿ ಕೆರೆ ಏರಿ ಹತ್ತಿರ ಸ್ಕೂಟರ್ ಕೆಸರಲ್ಲಿ ಹೂತಾಗ ಐದನೇ ಕ್ಲಾಸಿನ ನಾಲ್ಕು ಜನ ತಳ್ಳಿದ್ದರು. ಯೂನಿಫಾರಂ ಪೂರ್ತಿ ಕೆಸರು. ಆ ನಾಲ್ಕೂ ಮನೆಯ ಅಮ್ಮಂದಿರು ಅವತ್ತು ಸುಮ್ಮನಿದ್ದದ್ದಕ್ಕೂ ಥ್ಯಾಂಕ್ಸ್.

6ನೇ ತಾರೀಖು ಎಂದಿನಂತೆ ಶಾಲೆಯಲ್ಲಿರುತ್ತೇನೆ. ಸನ್ಮಾನ ಮಾಡುವಾಗ ಹಣ್ಣಿನ ಬುಟ್ಟಿ ಕೊಡುವುದು ಪದ್ಧತಿ. ಕೊಟ್ಟರೆ ಹಾಗೇ ತರುತ್ತೇನೆ. ಮಕ್ಕಳಿಗೆ ಮಾತ್ರ ಈಗಲೇ ಹೇಳಬೇಡಿ. ಶಾಲೆಯಲ್ಲಿ 31 ಜನ ಇದ್ದಾರೆ, ಬುಟ್ಟಿಯಲ್ಲಿ ಎಷ್ಟು ಸೇಬು ಇರುತ್ತದೋ ಏನೋ.

ನಿಮ್ಮ ಶಾಲೆ ಮಿಸ್ಸು