ದಿಕ್ಕು ಒಂದು ಪ್ರಶ್ನೆ, ಏರಿಳಿತ ಇನ್ನೊಂದು: ಹೊಸಬರಿಗೆ ಆಪ್ಷನ್ ಚೌಕಪಟ್ಟಿ

ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಮನೆ ಮಹಡಿ ಮೇಲೆ ಸೇರುವ ಎಂಟು ಮಂದಿಗಾಗಿ ಈ ಹಾಳೆ ಬರೆದಿದ್ದೇನೆ. ನಿಮ್ಮಲ್ಲಿ ಹೆಚ್ಚಿನವರು ಮೊದಲ ದಿನವೇ ಕೇಳಿದ್ದು ಒಂದೇ ಪ್ರಶ್ನೆ: "ನಿಫ್ಟಿ ಮೇಲೆ ಹೋಗುತ್ತೆ ಅಂತ ಅನ್ನಿಸ್ತಿದೆ, ಕಾಲ್ ತಗೊಳ್ಳಲಾ?" ಷೇರು ಕೊಳ್ಳುವವರಿಗೆ ಆ ಒಂದು ಪ್ರಶ್ನೆ ಸಾಕು. ಆಪ್ಷನ್ ಕೊಳ್ಳುವವರಿಗೆ ಸಾಲದು. ಆಪ್ಷನ್ ಈಗ ಅಗ್ಗವೋ ದುಬಾರಿಯೋ, ಮುಂದೆ ಏನಾಗಬಹುದು ಅನ್ನುವ ಎರಡನೇ ಪ್ರಶ್ನೆಗೂ ಉತ್ತರ ಬೇಕು. ಎಕ್ಸ್‌ಪೈರಿ ಅನ್ನುವ ನಿಗದಿತ ದಿನಕ್ಕೆ, ಸ್ಟ್ರೈಕ್ ಅನ್ನುವ ನಿಗದಿತ ಬೆಲೆಯಲ್ಲಿ ಕೊಳ್ಳುವ ಹಕ್ಕು ಕಾಲ್, ಮಾರುವ ಹಕ್ಕು ಪುಟ್. ಎರಡೂ ಆಪ್ಷನ್‌ಗಳೇ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಮಾರುಕಟ್ಟೆಗೆ ಹೋಗಿ ನೋಡಿ. ಹೂವಿನ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಹಬ್ಬ ಕಳೆದ ಮರುದಿನ ಅದೇ ಹೂವು, ಅದೇ ಅಂಗಡಿ, ಬೆಲೆ ಮಾತ್ರ ಇಳಿದಿರುತ್ತೆ. ಬಜೆಟ್, ಚುನಾವಣಾ ಫಲಿತಾಂಶ, ಕಂಪನಿಯ ತ್ರೈಮಾಸಿಕ ಫಲಿತಾಂಶದ ಹಿಂದಿನ ದಿನ ಆಪ್ಷನ್‌ಗಳಿಗೂ ಹೀಗೇ ಆಗುತ್ತೆ. ಏನಾಗುತ್ತೋ ಅನ್ನುವ ಆತಂಕದ ಬೆಲೆ ಪ್ರೀಮಿಯಂಗೆ, ಅಂದರೆ ಆಪ್ಷನ್‌ನ ಬೆಲೆಗೆ, ಸೇರಿಕೊಳ್ಳುತ್ತೆ. ಆ ಆತಂಕದ ಅಳತೆಯೇ ಇಂಪ್ಲೈಡ್ ವೊಲಟಿಲಿಟಿ, ಚಿಕ್ಕದಾಗಿ ಐವಿ. ಇಲ್ಲಿ ನಾನು ಏರಿಳಿತ ಅಂದಾಗಲೆಲ್ಲ ಇದನ್ನೇ ಹೇಳುತ್ತಿದ್ದೇನೆ.

ಒಂದು ಲೆಕ್ಕ ನೋಡೋಣ

ನಿಫ್ಟಿ 25,000ದಲ್ಲಿದೆ, ಎಕ್ಸ್‌ಪೈರಿಗೆ 30 ದಿನ ಇದೆ ಅಂದುಕೊಳ್ಳಿ. ಐವಿ 20 ಇದ್ದರೆ 25,000ದ ಕಾಲ್ ಸುಮಾರು 630 ರೂಪಾಯಿ. ನೀವು ಕೊಂಡಿರಿ. ದೊಡ್ಡ ಘೋಷಣೆ ಆಯಿತು, ನಿಫ್ಟಿ ನೀವು ಹೇಳಿದಂತೆಯೇ 200 ಪಾಯಿಂಟ್ ಏರಿತು. ಆತಂಕ ಕಳೆದದ್ದರಿಂದ ಐವಿ 12ಕ್ಕೆ ಇಳಿಯಿತು. ಈಗ ಆ ಕಾಲ್‌ನ ಬೆಲೆ ಸುಮಾರು 525. ದಿಕ್ಕು ಸರಿಯಾಗಿಯೇ ಇತ್ತು, ಆದರೂ ಒಂದೇ ದಿನದಲ್ಲಿ 105 ರೂಪಾಯಿ ಹೋಯಿತು. ಆಪ್ಷನ್ ಕೊಳ್ಳುವುದು ಲಾಟ್ ಅನ್ನುವ ಕಟ್ಟುಗಳಲ್ಲಿ, ಆ ಲೆಕ್ಕದಲ್ಲಿ ಗುಣಿಸಿದರೆ ಹೊಟ್ಟೆ ಉರಿಯುತ್ತೆ.

ನನಗೂ ಇದು ಆಗಿದೆ. 2025ರ ಬಜೆಟ್ ಫೆಬ್ರವರಿ 1ರ ಶನಿವಾರ ಬಂತು, ಅವತ್ತು ಮಾರುಕಟ್ಟೆ ತೆರೆದಿತ್ತು. ಶುಕ್ರವಾರ ಮಧ್ಯಾಹ್ನ, ಎತ್ತ ಹೋದರೂ ದುಡ್ಡು ಬರುತ್ತೆ ಅಂದುಕೊಂಡು ಒಂದೇ ಸ್ಟ್ರೈಕ್‌ನ ಕಾಲ್, ಪುಟ್ ಎರಡನ್ನೂ ಕೊಂಡೆ, ಇದಕ್ಕೆ ಸ್ಟ್ರ್ಯಾಡಲ್ ಅನ್ನುತ್ತಾರೆ. ಎರಡೂ ಸೇರಿ 480 ರೂಪಾಯಿ. ಶನಿವಾರ ನಿಫ್ಟಿ ಮೇಲೆ ಕೆಳಗೆ ಆಡಿ, ಕೊನೆಗೆ ಹೆಚ್ಚುಕಡಿಮೆ ಹೊರಟ ಜಾಗಕ್ಕೇ ಬಂದು ನಿಂತಿತು. ನಿಫ್ಟಿ ಆಪ್ಷನ್‌ಗಳ ಏರಿಳಿತ ಅಳೆಯುವ ವಿಕ್ಸ್ ಕುಸಿಯಿತು. ನಾನು ಮಾರಿದಾಗ ಸಿಕ್ಕಿದ್ದು 290. ಲಾಟ್ 75, ಒಟ್ಟು 14,250 ರೂಪಾಯಿ ನಷ್ಟ. ದಿಕ್ಕಿನ ಬಗ್ಗೆ ನನಗೆ ಅಭಿಪ್ರಾಯವೇ ಇರಲಿಲ್ಲ, ಅದು ತಪ್ಪಲ್ಲ. ಆಪ್ಷನ್ ಎಷ್ಟು ದುಬಾರಿ ಇದೆ ಅಂತ ನೋಡದೆ ಕೊಂಡದ್ದು ತಪ್ಪು. ಕೆಳಗಿನ ಪಟ್ಟಿಯನ್ನು ನನಗಾಗಿ ಮೊದಲು ಬರೆದುಕೊಂಡದ್ದು ಆ ವಾರವೇ.

ಮೊದಲು ಎರಡು ಉತ್ತರ ಬರೆಯಿರಿ

ದಿಕ್ಕಿಗೆ ನಾಲ್ಕು ಉತ್ತರಗಳಿವೆ: ಮೇಲೆ, ಕೆಳಗೆ, ಇದ್ದಲ್ಲೇ ಇರುತ್ತೆ, ದೊಡ್ಡದಾಗಿ ಚಲಿಸುತ್ತೆ ಆದರೆ ಎತ್ತ ಅಂತ ಗೊತ್ತಿಲ್ಲ. ಜೊತೆಗೆ ಎಷ್ಟು ಪಾಯಿಂಟ್, ಎಷ್ಟು ದಿನದಲ್ಲಿ ಅಂತಲೂ ಬರೆಯಬೇಕು. ಸುಮ್ನೆ "ಮೇಲೆ" ಅಂದರೆ ಅದು ಉತ್ತರವಲ್ಲ.

ಏರಿಳಿತಕ್ಕೆ ಮೂರು ಉತ್ತರ: ಅಗ್ಗ ಇದೆ, ಹೆಚ್ಚಬಹುದು; ನಡುವಿನಲ್ಲಿದೆ; ದುಬಾರಿ ಇದೆ, ಇಳಿಯಬಹುದು. ಇದನ್ನು ತಿಳಿಯಲು ಇಂಡಿಯಾ ವಿಕ್ಸ್ ನೋಡಿ. ನಿಫ್ಟಿ ಆಪ್ಷನ್‌ಗಳ ಬೆಲೆಯಿಂದಲೇ ಎನ್‌ಎಸ್‌ಇ ಇದನ್ನು ಲೆಕ್ಕ ಹಾಕುತ್ತೆ. ಇವತ್ತಿನ ಸಂಖ್ಯೆಯೊಂದನ್ನೇ ನೋಡಿ ಪ್ರಯೋಜನವಿಲ್ಲ. ಹಿಂದಿನ ಒಂದು ವರ್ಷದ ಚಾರ್ಟ್ ತೆಗೆದು, ಈಗಿನದು ಅದರಲ್ಲಿ ಕೆಳಗಿನ ಮೂರನೇ ಒಂದು ಭಾಗದಲ್ಲಿದೆಯೋ, ಮೇಲಿನದರಲ್ಲೋ ಅಂತ ನೋಡಿ. 2024ರ ಏಪ್ರಿಲ್ ಕೊನೆಯಲ್ಲಿ ವಿಕ್ಸ್ 10ರ ಆಸುಪಾಸು ಇತ್ತು. ಜೂನ್ 4, ಲೋಕಸಭೆ ಫಲಿತಾಂಶದ ದಿನ, ನಿಫ್ಟಿ ಸುಮಾರು ಶೇ. 6ರಷ್ಟು ಬಿದ್ದಾಗ ವಿಕ್ಸ್ 30 ದಾಟಿತ್ತು. ಮರುದಿನವೇ 20ಕ್ಕಿಂತ ಕೆಳಗೆ ಬಂತು. 2020ರ ಮಾರ್ಚ್‌ನಲ್ಲಿ 80 ದಾಟಿದ್ದೂ ಉಂಟು.

ಬಿಡಿ ಷೇರಿನ ಆಪ್ಷನ್ ಆದರೆ ವಿಕ್ಸ್ ಉಪಯೋಗಕ್ಕೆ ಬರುವುದಿಲ್ಲ, ಆ ಷೇರಿನ ಐವಿಯನ್ನೇ ಆಪ್ಷನ್ ಚೈನ್ ಅನ್ನುವ ಬೆಲೆಪಟ್ಟಿಯಲ್ಲಿ ನೋಡಬೇಕು. ಇನ್ಫೋಸಿಸ್ ಫಲಿತಾಂಶದ ವಾರ ಅದರ ಐವಿ ಏರಿರುತ್ತೆ, ಮಾರನೇ ಬೆಳಗ್ಗೆ ಇಳಿದಿರುತ್ತೆ. ಎರಡು ಮೂರು ತ್ರೈಮಾಸಿಕ ಸುಮ್ಮನೆ ಗಮನಿಸಿ, ಕಣ್ಣಿಗೇ ಕಾಣುತ್ತೆ.

ವಿಕ್ಸ್ ಒಂದು ವರ್ಷದ ಅಳತೆ. ಅದನ್ನು 16ರಿಂದ ಭಾಗಿಸಿದರೆ ಒಂದು ದಿನಕ್ಕೆ ಮಾರುಕಟ್ಟೆ ನಿರೀಕ್ಷಿಸುವ ಏರಿಳಿತ ಸುಮಾರಾಗಿ ಸಿಗುತ್ತೆ, 3.5ರಿಂದ ಭಾಗಿಸಿದರೆ ಒಂದು ತಿಂಗಳಿಗೆ. ವಿಕ್ಸ್ 12 ಇದ್ದರೆ ತಿಂಗಳಿಗೆ ಶೇ. 3.4, ಅಂದರೆ 25,000ದ ಮೇಲೆ ಆಚೀಚೆ 860 ಪಾಯಿಂಟ್. ನಿಮ್ಮ ಅಂದಾಜು ಇದಕ್ಕಿಂತ ಜಾಸ್ತಿ ಇದ್ದರೆ ಆಪ್ಷನ್ ನಿಮ್ಮ ಪಾಲಿಗೆ ಅಗ್ಗ. ಕಡಿಮೆ ಇದ್ದರೆ ದುಬಾರಿ. ಇದನ್ನು ಬರೆದಿಟ್ಟುಕೊಳ್ಳಿ, ದಿನಾ ಬೇಕಾಗುತ್ತೆ.

ಚೌಕಪಟ್ಟಿ

| ದಿಕ್ಕು | ಏರಿಳಿತ ಅಗ್ಗ, ಹೆಚ್ಚಬಹುದು | ನಡುವೆ | ದುಬಾರಿ, ಇಳಿಯಬಹುದು |
|---|---|---|---|
| ಮೇಲೆ | ಕಾಲ್ ಕೊಳ್ಳಿ | ಬುಲ್ ಕಾಲ್ ಸ್ಪ್ರೆಡ್ | ಬುಲ್ ಪುಟ್ ಸ್ಪ್ರೆಡ್ |
| ಕೆಳಗೆ | ಪುಟ್ ಕೊಳ್ಳಿ | ಬೇರ್ ಪುಟ್ ಸ್ಪ್ರೆಡ್ | ಬೇರ್ ಕಾಲ್ ಸ್ಪ್ರೆಡ್ |
| ಇದ್ದಲ್ಲೇ | ಸದ್ಯಕ್ಕೆ ಬಿಡಿ | ಬಿಡಿ | ಐರನ್ ಕಾಂಡೋರ್ |
| ದೊಡ್ಡ ಚಲನೆ, ಎತ್ತ ಗೊತ್ತಿಲ್ಲ | ಸ್ಟ್ರ್ಯಾಡಲ್ ಕೊಳ್ಳಿ | ಬಿಡಿ | ಬಿಡಿ |

ಸ್ಪ್ರೆಡ್ ಅಂದರೆ ಒಂದು ಆಪ್ಷನ್ ಕೊಂಡು ಇನ್ನೊಂದನ್ನು ಮಾರುವುದು, ವಿವರ ಕೆಳಗಿದೆ. ನಾಲ್ಕು ಮನೆಗಳಲ್ಲಿ "ಬಿಡಿ" ಅಂತಿದೆ. ಜಾಗ ತುಂಬಿಸಲು ಹಾಕಿದ್ದಲ್ಲ, ಅದೂ ಒಂದು ತೀರ್ಮಾನವೇ. "ಇದ್ದಲ್ಲೇ, ಅಗ್ಗ" ಮನೆಗೆ ಕ್ಯಾಲೆಂಡರ್ ಸ್ಪ್ರೆಡ್ ಅಂತ ಒಂದಿದೆ. ಎರಡು ಎಕ್ಸ್‌ಪೈರಿ ಒಟ್ಟಿಗೆ ಸಂಭಾಳಿಸಬೇಕು, ಮೊದಲ ಆರು ತಿಂಗಳು ಅದರ ಗೊಡವೆ ಬೇಡ. ಬಲಗಡೆಯ ಕೆಳಗಿನ ಮನೆ ನಾನು ಬಜೆಟ್ ದಿನ ಬಿದ್ದ ಗುಂಡಿ.

ಒಂಟಿ ಕಾಲ್ ಅಥವಾ ಒಂಟಿ ಪುಟ್ ಮಾರುವುದು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಮಾರಿದ ಪ್ರತಿ ಆಪ್ಷನ್ ಹಿಂದೆ ಕೊಂಡ ಇನ್ನೊಂದು ಆಪ್ಷನ್ ಇರಲೇಬೇಕು. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಬಿಡಿ ವ್ಯಾಪಾರಿಗಳಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದರು ಅಂತ ಸೆಬಿಯ ಅಧ್ಯಯನವೇ ಹೇಳಿದೆ. ಹೆಚ್ಚೆಂದರೆ ಎಷ್ಟು ಹೋಗುತ್ತೆ ಅಂತ ಮೊದಲೇ ಗೊತ್ತಿರಬೇಕು ಅಂತ ನಾನು ಹಟ ಹಿಡಿಯುವುದು ಅದಕ್ಕೇ.

"ಮೇಲೆ" ಸಾಲು, ಹತ್ತಿರದಿಂದ

ನೀವು ಹೆಚ್ಚಾಗಿ ಬಳಸುವುದು ಇದೇ ಸಾಲು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಐವಿ 12ರಲ್ಲಿ 25,000ದ ಕಾಲ್ 400, 25,400ರ ಕಾಲ್ 220 ಇದೆ ಅಂದುಕೊಳ್ಳಿ. ಮೊದಲನೆಯದನ್ನು ಕೊಂಡು ಎರಡನೆಯದನ್ನು ಮಾರಿದರೆ ಬುಲ್ ಕಾಲ್ ಸ್ಪ್ರೆಡ್. ಕೈಯಿಂದ ಹೋಗುವುದು 180. ಹೆಚ್ಚೆಂದರೆ ಕಳೆಯುವುದೂ 180, ಹೆಚ್ಚೆಂದರೆ ಬರುವುದು 220. ಎಕ್ಸ್‌ಪೈರಿ ದಿನ 25,180 ದಾಟಿದರೆ ಲಾಭ. ಕೊಂಡ ಕಾಲ್‌ನ ಐವಿ ಇಳಿದರೆ ಮಾರಿದ ಕಾಲ್‌ನದೂ ಇಳಿಯುತ್ತೆ, ಹಾಗಾಗಿ ಏರಿಳಿತದ ಪೆಟ್ಟು ಬಹುಪಾಲು ಸರಿತೂಗುತ್ತೆ. ನಡುವಿನ ಮನೆಯಲ್ಲಿ ಇದನ್ನು ಇಟ್ಟಿರುವುದು ಅದಕ್ಕೆ.

ಐವಿ 20 ಇದ್ದಾಗ ಇನ್ನೊಂದು ಕಡೆಯಿಂದ ಹೋಗಿ. 24,600ರ ಪುಟ್ 350ಕ್ಕೆ ಮಾರಿ, 24,200ರ ಪುಟ್ 225ಕ್ಕೆ ಕೊಳ್ಳಿ. ಇದು ಬುಲ್ ಪುಟ್ ಸ್ಪ್ರೆಡ್, ಕೈಗೆ 125 ಬರುತ್ತೆ. ನಿಫ್ಟಿ ಏರಿದರೂ ಸರಿ, ನಿಂತರೂ ಸರಿ, 24,600ರ ಮೇಲಿದ್ದರೆ ಪೂರ್ತಿ 125 ನಿಮ್ಮದು. 24,475ರ ಕೆಳಗೆ ಹೋದರೆ ನಷ್ಟ ಶುರು, ಗರಿಷ್ಠ 275. ಗೆಲ್ಲುವ ಸಾಧ್ಯತೆ ಜಾಸ್ತಿ, ಆದರೆ ಸೋತಾಗ ಎರಡು ಗೆಲುವಿಗಿಂತ ಹೆಚ್ಚು ಹೋಗುತ್ತೆ. ಈ ಲೆಕ್ಕ ಮನಸ್ಸಿಗೆ ಒಗ್ಗದಿದ್ದರೆ ಈ ಮನೆಗೆ ಹೋಗಬೇಡಿ.

ಒಂದು ಸೂಕ್ಷ್ಮ ಇಲ್ಲಿದೆ. ನಿಫ್ಟಿ ಏರುವಾಗ ವಿಕ್ಸ್ ಸಾಮಾನ್ಯವಾಗಿ ಇಳಿಯುತ್ತೆ, ಬೀಳುವಾಗ ಏರುತ್ತೆ. ಹಾಗಾಗಿ "ಮೇಲೆ, ಮತ್ತು ಏರಿಳಿತ ಹೆಚ್ಚಬಹುದು" ಅಂತ ಬರೆದಿದ್ದರೆ ಎರಡು ಸಲ ಯೋಚಿಸಿ. ಎರಡೂ ಒಟ್ಟಿಗೆ ನಿಜವಾಗುವುದು ಅಪರೂಪ. ಆ ಮನೆಯಲ್ಲಿ ಕಾಲ್ ಕೊಳ್ಳಲು ನಿಜವಾದ ಕಾರಣ ಏರಿಳಿತ ಹೆಚ್ಚುವುದಲ್ಲ, ಅದು ಇನ್ನು ಇಳಿಯಲು ಜಾಗ ಕಡಿಮೆ ಇರುವುದು. ಪುಟ್ ಕೊಂಡವರಿಗೆ ಮಾತ್ರ ದಿಕ್ಕೂ ಏರಿಳಿತವೂ ಒಟ್ಟಿಗೆ ನೆರವಾಗುತ್ತವೆ.

"ಕೆಳಗೆ" ಸಾಲು ಇದರ ಕನ್ನಡಿ. ಐರನ್ ಕಾಂಡೋರ್ ಅಂದರೆ ಬುಲ್ ಪುಟ್ ಸ್ಪ್ರೆಡ್, ಬೇರ್ ಕಾಲ್ ಸ್ಪ್ರೆಡ್ ಎರಡನ್ನೂ ಒಟ್ಟಿಗೆ ಹಾಕುವುದು, ಅಷ್ಟೇ.

ಆರ್ಡರ್ ಹಾಕುವ ಮುಂಚೆ

ಸ್ಪ್ರೆಡ್ ಹಾಕುವಾಗ ಕೊಳ್ಳುವ ಭಾಗ ಮೊದಲು, ಮಾರುವ ಭಾಗ ಆಮೇಲೆ. ಮಾರ್ಜಿನ್, ಅಂದರೆ ಬ್ರೋಕರ್ ಬಳಿ ಒತ್ತೆ ಇಡುವ ಹಣ, ಕಡಿಮೆ ಬೇಕಾಗುತ್ತೆ, ನಡುವೆ ಬೆತ್ತಲೆಯಾಗಿ ನಿಲ್ಲುವ ಅಪಾಯವೂ ಇಲ್ಲ. ಮುಚ್ಚುವಾಗ ಉಲ್ಟಾ: ಮಾರಿದ್ದನ್ನು ಮೊದಲು ವಾಪಸ್ ಕೊಳ್ಳಿ.

ಎಕ್ಸ್‌ಪೈರಿಗೆ 25ರಿಂದ 40 ದಿನ ಇರುವ ಆಪ್ಷನ್‌ಗಳಿಗೆ ಈ ಪಟ್ಟಿ ಹೊಂದುತ್ತೆ. ಈಗ ನಿಫ್ಟಿಯ ವಾರದ ಎಕ್ಸ್‌ಪೈರಿ ಮಂಗಳವಾರ. ಸೋಮವಾರ ಮಧ್ಯಾಹ್ನ ಈ ಪಟ್ಟಿ ಹಿಡಿದು ಕೂರಬೇಡಿ. ಅಷ್ಟು ಹತ್ತಿರದಲ್ಲಿ ಐವಿಯ ಆಟ ಮುಗಿದಿರುತ್ತೆ, ಸಮಯ ಮತ್ತು ದಿಢೀರ್ ಚಲನೆಯದ್ದೇ ಆಟ.

ಬಿಡಿ ಷೇರಿನ ಆಪ್ಷನ್‌ನಲ್ಲಿ ಎಕ್ಸ್‌ಪೈರಿವರೆಗೆ ಉಳಿದರೆ ಷೇರನ್ನೇ ಕೊಡಬೇಕು ಅಥವಾ ತಗೊಳ್ಳಬೇಕಾಗಬಹುದು. ನಿಫ್ಟಿಯಲ್ಲಿ ಲೆಕ್ಕ ಹಣದಲ್ಲೇ ಚುಕ್ತಾ. ಕಲಿಯುವಾಗ ನಿಫ್ಟಿ ಸಾಕು. ಲಾಟ್ ಎಷ್ಟು ಅಂತ ಪ್ರತಿ ಸಲ ಆರ್ಡರ್ ಪುಟದಲ್ಲೇ ನೋಡಿ. 2024ರ ನವೆಂಬರ್‌ನಲ್ಲಿ ಅದು 25ರಿಂದ 75ಕ್ಕೆ ಏರಿದಾಗ, ಹಳೇ ಲೆಕ್ಕದಲ್ಲೇ ಇದ್ದವರ ಅಪಾಯ ಮೂರು ಪಟ್ಟಾಯಿತು.

ಮುಂದಿನ ಭಾನುವಾರ ಹೀಗೆ ಬರೆದು ತನ್ನಿ

ದುಡ್ಡು ಹಾಕಬೇಡಿ, ಪುಸ್ತಕದಲ್ಲಿ ಮಾತ್ರ ಬರೆಯಿರಿ. ನನ್ನ ಪುಸ್ತಕದ ಒಂದು ಪುಟ ಮಾದರಿಗೆ:

ನಿಫ್ಟಿ 25,000. ವಿಕ್ಸ್ 12.4, ವರ್ಷದ ಚಾರ್ಟ್‌ನಲ್ಲಿ ನಡುವಿನ ಭಾಗ.
ದಿಕ್ಕು: ಮೇಲೆ, 30 ದಿನದಲ್ಲಿ 25,400.
ಏರಿಳಿತ: ನಡುವೆ. ಈ ತಿಂಗಳು ದೊಡ್ಡ ಘೋಷಣೆ ಇಲ್ಲ.
ಮನೆ: ಬುಲ್ ಕಾಲ್ ಸ್ಪ್ರೆಡ್, 25,000 ಕೊಳ್ಳು, 25,400 ಮಾರು, ವೆಚ್ಚ 180.
ಸ್ಪ್ರೆಡ್ ಬೆಲೆ 310 ಆದರೆ ಲಾಭ ತಗೊಂಡು ಹೊರಗೆ.
ನಿಫ್ಟಿ 24,750ರ ಕೆಳಗೆ ಮುಗಿದರೆ ಮರುದಿನ ಬೆಳಗ್ಗೆ ಹೊರಗೆ.
ಎರಡೂ ಆಗದಿದ್ದರೆ, ಎಕ್ಸ್‌ಪೈರಿಗೆ 7 ದಿನ ಇರುವಾಗ ಹೇಗಿದ್ದರೂ ಹೊರಗೆ.