ಮದುವೆಯ ನಂತರದ ಹೆಸರು, ವಿಳಾಸ ಸರಿಪಡಿಸಿ ಪಾಸ್‌ಪೋರ್ಟ್ ಮರುವಿತರಿಸಲು ಕೋರಿ ಅರ್ಜಿ

ದಿನಾಂಕ: 10-11-2025
ಸ್ಥಳ: ತೀರ್ಥಹಳ್ಳಿ

ಇಂದ,
ಚೈತ್ರಾ, ಕೋಂ ರಾಘವೇಂದ್ರ
ಕುಶಾವತಿ, ತೀರ್ಥಹಳ್ಳಿ
ಶಿವಮೊಗ್ಗ ಜಿಲ್ಲೆ – 577432

ಗೆ,
ಪ್ರಾದೇಶಿಕ ಪಾಸ್‌ಪೋರ್ಟ್ ಅಧಿಕಾರಿಗಳು
ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ
ಕೋರಮಂಗಲ, ಬೆಂಗಳೂರು – 560095

ಮೂಲಕ: ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ, ಶಿವಮೊಗ್ಗ

ಮಾನ್ಯರೇ,

ವಿಷಯ: ದಾಖಲೆಗಳಲ್ಲಿ ಹೆಸರು ಮತ್ತು ವಿಳಾಸದ ವ್ಯತ್ಯಾಸದ ಬಗ್ಗೆ ವಿವರಣೆ, ಹಾಗೂ ಹೊಸ ವಿವರಗಳೊಂದಿಗೆ ಪಾಸ್‌ಪೋರ್ಟ್ ಮರುವಿತರಣೆ ಕುರಿತು.

ನನ್ನ ಈಗಿನ ಪಾಸ್‌ಪೋರ್ಟ್ ಜೂನ್ 2017ರಲ್ಲಿ, ಮದುವೆಗೆ ಮೊದಲು, ಸಾಗರದ ತವರುಮನೆ ವಿಳಾಸಕ್ಕೆ ಬಂದದ್ದು. 8-5-2023ರಂದು ಮದುವೆಯಾಗಿ ಅಂದಿನಿಂದ ತೀರ್ಥಹಳ್ಳಿಯಲ್ಲಿದ್ದೇನೆ. ಮರುವಿತರಣೆಗೆ ಆನ್‌ಲೈನ್ ಅರ್ಜಿ ತುಂಬಿ, 36 ಪುಟಗಳ ಪುಸ್ತಕಕ್ಕೆ ರೂ. 1,500 ಶುಲ್ಕ ಕಟ್ಟಿದ್ದೇನೆ. ಅರ್ಜಿ ಸಂಖ್ಯೆ, ಹಳೇ ಪಾಸ್‌ಪೋರ್ಟಿನ ಸಂಖ್ಯೆ, ನನ್ನ ಮೊಬೈಲ್ ನಂಬರ್ ಮೂರೂ ಜೊತೆಗಿರುವ ಪ್ರತಿಯಲ್ಲಿವೆ. ಕೌಂಟರಿನಲ್ಲಿ ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನಾಲ್ಕು ಜನರ ದಾಖಲೆಗಳಂತೆ ಕಾಣಬಹುದು. ಆದ್ದರಿಂದ ಈ ವಿವರಣೆ.

ಹೆಸರು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾನು CHAITRA S M. ಎಸ್ ಎಂದರೆ ಸಾಗರ, ಎಂ ಎಂದರೆ ತಂದೆ ಮಂಜಪ್ಪ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಹಾಕುವಂತಿಲ್ಲವಾದ್ದರಿಂದ ಅವನ್ನು ಬಿಡಿಸಿ ಬರೆಯಬೇಕಾಯಿತು. ಹೀಗೆ ಊರಿನ ಹೆಸರೂ ಸೇರಿ SAGARA MANJAPPA ನನ್ನ ಸರ್‌ನೇಮ್ ಆಯಿತು. ಅದರ ಜೊತೆಗೆ ಹೆಸರಿನಲ್ಲಿ ಒಂದು H ಹೆಚ್ಚಾಗಿ CHAITHRA ಎಂದಾಗಿದೆ. ವಿವಾಹ ನೋಂದಣಿ ಪತ್ರದಲ್ಲಿ ಶಾಲೆಯ ದಾಖಲೆಯಂತೆ ಚೈತ್ರಾ ಎಸ್.ಎಂ. ಎಂದಿದೆ. ಮದುವೆಯ ನಂತರ ತಿದ್ದಿಸಿದ ಆಧಾರ್‌ನಲ್ಲಿ CHAITRA RAGHAVENDRA.

ಹೊಸ ಪಾಸ್‌ಪೋರ್ಟಿನಲ್ಲಿ ಹೆಸರು CHAITRA, ಸರ್‌ನೇಮ್ RAGHAVENDRA ಎಂದು, ಆಧಾರ್‌ನಲ್ಲಿರುವ ಅಕ್ಷರಗಳಲ್ಲೇ ಮುದ್ರಿಸಬೇಕೆಂದು ಕೋರುತ್ತೇನೆ. ತಂದೆ, ತಾಯಿಯ ಹೆಸರು ಈಗಿರುವಂತೆಯೇ ಇರಲಿ. ಖಾಲಿಯಿರುವ ಪತಿಯ ಹೆಸರಿನ ಜಾಗ ತುಂಬಬೇಕು. ಹುಟ್ಟಿದ ದಿನಾಂಕ, ಹುಟ್ಟಿದ ಊರು ಎಲ್ಲ ದಾಖಲೆಯಲ್ಲೂ ಒಂದೇ ಇವೆ.

ವಿಳಾಸ: ಹಳೇ ಪಾಸ್‌ಪೋರ್ಟಿನಲ್ಲಿ ಜಿಲ್ಲೆಯ ಹೆಸರು SHIMOGA, ಆಧಾರ್‌ನಲ್ಲಿ SHIVAMOGGA. 2014ರ ನವೆಂಬರ್ 1ರಿಂದ ಊರಿನ ಹೆಸರು ಅಧಿಕೃತವಾಗಿ ಬದಲಾದರೂ ನಮ್ಮ ಕಡೆಯ ಎಷ್ಟೋ ಕಾಗದಗಳಲ್ಲಿ ಹಳೆಯದೇ ನಡೆದುಬಂದಿದೆ, ಜಿಲ್ಲೆ ಒಂದೇ. ಹಾಗೆಯೇ ಆಧಾರ್‌ನಲ್ಲಿ TIRTHAHALLI, ಯಜಮಾನರ ಪಾಸ್‌ಪೋರ್ಟಿನಲ್ಲಿ THIRTHAHALLI. ಪಿನ್ ಕೋಡ್ ಎರಡರಲ್ಲೂ 577432.

ಮನೆಯ ಮೆಸ್ಕಾಂ ಬಿಲ್ ಇನ್ನೂ ನನ್ನ ಮಾವನವರ ತಂದೆಯ ಹೆಸರಿನಲ್ಲಿದೆ. ಅವರು ತೀರಿಕೊಂಡು ವರ್ಷಗಳಾದವು, ಖಾತೆ ಬದಲಾಗಿಲ್ಲ. ಆ ಬಿಲ್ಲು ಕೊಟ್ಟರೆ ಇನ್ನೊಂದು ಹೆಸರಿನ ಗೊಂದಲ ಸೇರುತ್ತದೆಯೇ ಹೊರತು ಉಪಯೋಗವಿಲ್ಲ, ಹಾಗಾಗಿ ಇಟ್ಟಿಲ್ಲ. ಯಜಮಾನರ ಪಾಸ್‌ಪೋರ್ಟಿನಲ್ಲಿ ಪತ್ನಿಯೆಂದು ನನ್ನ ಹೆಸರು ಇನ್ನೂ ಸೇರಿಲ್ಲ. ಅದನ್ನು ಮಾಹಿತಿಗಾಗಿ ಮಾತ್ರ ಇಟ್ಟಿದ್ದೇನೆ, ವಿಳಾಸದ ಪುರಾವೆಯಾಗಿ ಅಲ್ಲ.

ಲಗತ್ತುಗಳು (ಮೂಲ ಪ್ರತಿಗಳನ್ನು ಪರಿಶೀಲನೆಗೆ ತಂದಿದ್ದೇನೆ, ಜೆರಾಕ್ಸ್‌ಗಳಿಗೆ ಸ್ವಯಂ ದೃಢೀಕರಣದ ಸಹಿ ಮಾಡಿದ್ದೇನೆ):

1. ಹಳೇ ಪಾಸ್‌ಪೋರ್ಟ್, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಪ್ರತಿ. ಯಾವ ವೀಸಾವೂ ಇಲ್ಲ.
2. ತೀರ್ಥಹಳ್ಳಿ ಉಪ ನೋಂದಣಾಧಿಕಾರಿಗಳ ಕಚೇರಿಯ ವಿವಾಹ ನೋಂದಣಿ ಪತ್ರ. ಹೆಸರು ಬದಲಾವಣೆಗೆ ಇದೇ ಮುಖ್ಯ ಆಧಾರ.
3. ಆಧಾರ್ ಕಾರ್ಡ್: ಹೊಸ ಹೆಸರು, ಈಗಿನ ವಿಳಾಸ ಎರಡಕ್ಕೂ.
4. ರಾಷ್ಟ್ರೀಕೃತ ಬ್ಯಾಂಕಿನ ತೀರ್ಥಹಳ್ಳಿ ಶಾಖೆಯ ಪಾಸ್‌ಬುಕ್, ಫೋಟೋ ಸಹಿತ, ಈ ತಿಂಗಳವರೆಗೆ ಎಂಟ್ರಿ ಹಾಕಿಸಿದ್ದು.
5. ಎಸ್ಸೆಸ್ಸೆಲ್ಸಿ ಅಂಕಪಟ್ಟಿ: ಹುಟ್ಟಿದ ದಿನಾಂಕಕ್ಕೆ, ಮತ್ತು ನಾನ್-ಇಸಿಆರ್ ಮುಂದುವರಿಸಲು.
6. CHAITHRA SAGARA MANJAPPA, CHAITRA S M, CHAITRA RAGHAVENDRA ಮೂವರೂ ನಾನೊಬ್ಬಳೇ ಎಂದು ಇ-ಸ್ಟಾಂಪ್ ಕಾಗದದಲ್ಲಿ ನೋಟರಿ ಮುಂದೆ ಮಾಡಿದ ಪ್ರಮಾಣಪತ್ರ.
7. ಪತಿಯ ಆಧಾರ್ ಹಾಗೂ ಪಾಸ್‌ಪೋರ್ಟ್ ಪ್ರತಿ.
8. ಆನ್‌ಲೈನ್ ಅರ್ಜಿಯ ಮತ್ತು ಶುಲ್ಕದ ರಸೀದಿ.

ಈ ವಿಳಾಸದಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ವಾಸವಿರುವುದರಿಂದ ಪೊಲೀಸ್ ಪರಿಶೀಲನೆಯನ್ನು ತೀರ್ಥಹಳ್ಳಿ ಠಾಣೆಗೇ ಕಳಿಸಬೇಕು. ಹಳೇ ಪಾಸ್‌ಪೋರ್ಟ್ ನೋಡಿ ಸಾಗರಕ್ಕೆ ಹೋದರೆ ಅಲ್ಲಿ ಸಿಗುವುದು ಅಪ್ಪ, ಅಮ್ಮ ಮಾತ್ರ.

ಓಮನ್‌ನಲ್ಲಿರುವ ಅಕ್ಕನ ಬಾಣಂತನಕ್ಕೆ ಏಪ್ರಿಲ್‌ನಲ್ಲಿ ಅಮ್ಮನ ಜೊತೆ ಹೋಗುವುದಿದೆ. ಟಿಕೆಟ್ ಇನ್ನೂ ಮಾಡಿಸಿಲ್ಲ, ಹೊಸ ಹೆಸರಿನಲ್ಲೇ ಮಾಡಿಸಬೇಕಲ್ಲ. ಅವಸರವೇನಿಲ್ಲದ್ದರಿಂದ ತತ್ಕಾಲ್‌ನಲ್ಲಿ ಹಾಕಿಲ್ಲ. ಇನ್ನಾವುದಾದರೂ ದಾಖಲೆ ಬೇಕಾದಲ್ಲಿ ಒಂದೇ ಸಲ ತಿಳಿಸಿದರೆ ತಂದು ಹಾಜರುಪಡಿಸುತ್ತೇನೆ.

ಮೇಲಿನ ವಿವರಗಳು ನನಗೆ ತಿಳಿದಮಟ್ಟಿಗೆ ಸತ್ಯವಾಗಿವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ) ಚೈತ್ರಾ ರಾಘವೇಂದ್ರ
ಮದುವೆಗೆ ಮುಂಚಿನ ಹೆಸರು: ಚೈತ್ರಾ ಎಸ್.ಎಂ.